ಅಜ್ಜಿಯ ಮೂಗುತಿ ಉಳಿದಿದೆಯೇ? ರಿಪೇರಿಯಾದ ಹಳೆಯ ಪಟಗಳನ್ನು ಹೋಲಿಸುವ ಕ್ರಮ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: ಹಳೆಯ ಮನೆಪಟವೊಂದನ್ನು ಸ್ಕ್ಯಾನ್ ಮಾಡಿಸಿದ್ದೇವೆ. ಪೇಟೆಯ ಸ್ಟುಡಿಯೋದವರು ಸರಿಮಾಡಿ ಒಂದು ಕೊಟ್ಟರು, ಮಗ ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಮಾಡಿದ, ಬೆಂಗಳೂರಿನಲ್ಲಿರುವ ಅಳಿಯ ಕಂಪ್ಯೂಟರಿನಲ್ಲಿ ಮೂರನೆಯದು ಮಾಡಿ ಕಳಿಸಿದ. ಮೂರೂ ಚೆನ್ನಾಗಿಯೇ ಕಾಣುತ್ತವೆ. ಯಾವುದಕ್ಕೆ ಫ್ರೇಮ್ ಹಾಕಿಸಬೇಕು?

ಉತ್ತರ ಕೊಡಬೇಕಾದರೆ ಒಂದು ವಿಷಯ ಮೊದಲೇ ಗೊತ್ತಿರಬೇಕು. ರಿಪೇರಿಯಾದ ಪಟದಲ್ಲಿ ಕಾಣುವ ವಿವರ ಎರಡು ಬಗೆಯದು. ಒಂದು, ಹಳೆಯ ಕಾಗದದಲ್ಲಿ ನಿಜವಾಗಿ ಇದ್ದದ್ದು. ಇನ್ನೊಂದು, ಇದ್ದಿರಬಹುದು ಎಂದು ಸಾಫ್ಟ್‌ವೇರ್ ಊಹಿಸಿ ಬರೆದದ್ದು. ಎರಡೂ ಒಂದೇ ರೀತಿ ಚೊಕ್ಕವಾಗಿ ಕಾಣುತ್ತವೆ, ಕಣ್ಣಿಗೆ ಬೇರೆ ಮಾಡಲಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸುವುದೇ ಹೋಲಿಕೆಯ ಕೆಲಸ.

ಉದಾಹರಣೆಗೆ ಒಂದು ಪಟವನ್ನು ಇಟ್ಟುಕೊಳ್ಳೋಣ. ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಧಾರಾಳವಾಗಿ ಸಿಗುವಂಥದ್ದು: 1960ರ ದಶಕದ ಕಪ್ಪುಬಿಳುಪು ಪಟ, 6 ಇಂಚು ಅಗಲ, 4 ಇಂಚು ಎತ್ತರ. ಮದುವೆಯ ಮರುದಿನ ಅಂಗಳದಲ್ಲಿ ನಿಂತ 14 ಮಂದಿ, ಹಿಂದೆ ಕೆಂಪುಕಲ್ಲಿನ ಗೋಡೆ, ಜಗಲಿಯ ಕಂಬದಲ್ಲಿ ಒಂದು ಕ್ಯಾಲೆಂಡರ್. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಮೇಲೆಲ್ಲ ಚುಕ್ಕೆ. ಎಡದಿಂದ ಎರಡನೆಯ ಹೆಂಗಸಿನ ಕೆನ್ನೆಯ ಮೇಲೆ ಒಂದು ಹಳದಿ ಕಲೆ. ಸ್ಟುಡಿಯೋದಲ್ಲಿ ಕೈಯಲ್ಲೇ ತಿದ್ದಿದ ಆವೃತ್ತಿಯನ್ನು ‘ಕ’ ಎಂದೂ, ಆ್ಯಪಿನದ್ದನ್ನು ‘ಖ’ ಎಂದೂ, ಮುಖ ತಿದ್ದುವ ಸಾಫ್ಟ್‌ವೇರನ್ನು ಹದವಾಗಿ ಬಳಸಿದ್ದನ್ನು ‘ಗ’ ಎಂದೂ ಕರೆಯೋಣ.

ಬೇಕಾದದ್ದು ಇಷ್ಟೇ: ಮೂಲ ಪಟ, ಅದರ ತಿದ್ದದ ಸ್ಕ್ಯಾನ್, ಮೂರು ಆವೃತ್ತಿಗಳ ಪೂರ್ಣ ಗಾತ್ರದ ಫೈಲುಗಳು, ಒಂದು ಭೂತಗನ್ನಡಿ, ಒಂದು ಟಾರ್ಚು ಮತ್ತು GIMP ಹಾಕಿದ ಕಂಪ್ಯೂಟರ್. GIMP ಪಟ ತಿದ್ದುವ ಉಚಿತ ಸಾಫ್ಟ್‌ವೇರ್. ಮೊಬೈಲಿನ ಸಣ್ಣ ಪರದೆಯಲ್ಲಿ ಈ ಕೆಲಸ ಆಗುವುದಿಲ್ಲ. ಅದರಲ್ಲಿ ಎಲ್ಲ ಪಟವೂ ಚಂದ.

1. ಮೊದಲು ಸ್ಕ್ಯಾನ್ ಸರಿಯಿದೆಯೇ ನೋಡಿ

ಅಳತೆಗೋಲೇ ಸೊಟ್ಟಗಿದ್ದರೆ ಅಳೆದು ಏನೂ ಫಲವಿಲ್ಲ. ಡಿಪಿಐ ಎಂದರೆ ಕಾಗದದ ಒಂದು ಇಂಚನ್ನು ಸ್ಕ್ಯಾನರ್ ಎಷ್ಟು ಚುಕ್ಕೆಗಳಾಗಿ, ಅಂದರೆ ಪಿಕ್ಸೆಲ್‌ಗಳಾಗಿ, ಓದಿತು ಎಂಬ ಲೆಕ್ಕ. ನಮ್ಮ ಪಟವನ್ನು 600 ಡಿಪಿಐಯಲ್ಲಿ ಓದಿದರೆ 3600 × 2400 ಪಿಕ್ಸೆಲ್ ಸಿಗುತ್ತದೆ. 14 ಮಂದಿ ನಿಂತ ಪಟದಲ್ಲಿ ಒಂದು ಮುಖದ ಅಗಲ ಕಾಗದದ ಮೇಲೆ ಸುಮಾರು 7 ಮಿಲಿಮೀಟರ್. ಅದು ಸ್ಕ್ಯಾನಿನಲ್ಲಿ 165 ಪಿಕ್ಸೆಲ್ ಆಗುತ್ತದೆ. ಅಜ್ಜಿಯ ಮೂಗುತಿ ಕಾಗದದ ಮೇಲೆ ಕಾಲು ಮಿಲಿಮೀಟರ್ ಇದ್ದೀತು, ಅಂದರೆ 6 ಪಿಕ್ಸೆಲ್.

ಇದೇ ಸ್ಕ್ಯಾನನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಆಗ ಮುಖ 73 ಪಿಕ್ಸೆಲ್, ಮೂಗುತಿ ಎರಡೂವರೆ. ಅಳಿಯ ರಿಪೇರಿ ಮಾಡಿದ್ದು ಹೀಗೆ ಬಂದ ಫೈಲನ್ನಾದರೆ, ಅವನ ಆವೃತ್ತಿ ಹೋಲಿಕೆಗೆ ಮೊದಲೇ ಸೋತಿರುತ್ತದೆ. ತಪ್ಪು ಅವನದಲ್ಲ. ಮೂವರಿಗೂ ಒಂದೇ ಸ್ಕ್ಯಾನ್ ಹೋಗಿತ್ತೇ ಎಂದು ಮೊದಲು ಕೇಳಿ. ಇಲ್ಲವಾದರೆ ಪೂರ್ಣ ಫೈಲನ್ನು ಡಾಕ್ಯುಮೆಂಟ್ ಆಗಿಯೋ ಡ್ರೈವ್ ಕೊಂಡಿಯಾಗಿಯೋ ಕಳಿಸಿ ಮತ್ತೆ ಮಾಡಿಸಿ.

ಸ್ಕ್ಯಾನ್ ಮಾಡುವಾಗ ಪಟ ಕಪ್ಪುಬಿಳುಪಾದರೂ ಬಣ್ಣದಲ್ಲೇ ಓದಿಸಿ, TIFF ಆಗಿ ಉಳಿಸಿ. ಸ್ಕ್ಯಾನರಿನ ಧೂಳು ತೆಗೆಯುವ, ಅಂಚು ಚೂಪು ಮಾಡುವ ಸೌಲಭ್ಯಗಳನ್ನು ಆಫ್ ಮಾಡಿಡಿ. ಬಣ್ಣ ಏಕೆಂದರೆ, ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಸ್ಕ್ಯಾನಿನ ಕೆಂಪು ಚಾನೆಲ್, ಅಂದರೆ ಕೆಂಪು ಬೆಳಕಿನ ಭಾಗ ಮಾತ್ರ ನೋಡಿದರೆ ಕಲೆಯ ಅಡಿಯ ಕೆನ್ನೆ ಎಷ್ಟೋ ಸ್ಪಷ್ಟವಾಗಿ ಕಾಣುತ್ತದೆ. ಇದು ಮುಂದೆ ಬೇಕಾಗುತ್ತದೆ.

ಎಚ್ಚರಿಕೆ: ಬೂಷ್ಟು ಹಿಡಿದ ಪಟವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಿಂಬ ನಿಂತಿರುವ ಜೆಲಟಿನ್ ಪದರವನ್ನು ಬೂಷ್ಟು ತಿಂದು ಮೆದು ಮಾಡಿರುತ್ತದೆ. ನೀರು ತಾಗಿದರೆ ಮುಖವೇ ಬಟ್ಟೆಗೆ ಬಂದೀತು. ಫ್ರೇಮಿನ ಗಾಜಿಗೆ ಅಂಟಿದ ಪಟವನ್ನು ಎಬ್ಬಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ.

2. ಆವೃತ್ತಿಗಳನ್ನು ತೆರೆಯುವ ಮೊದಲು ಗುರುತುಗಳ ಪಟ್ಟಿ ಬರೆದಿಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಚೊಕ್ಕವಾದ ಮುಖವನ್ನು ಒಮ್ಮೆ ನೋಡಿಬಿಟ್ಟರೆ ಹಳೆಯ ಮಸುಕು ಮುಖದಲ್ಲೂ ಅದೇ ಕಾಣತೊಡಗುತ್ತದೆ. ಆದ್ದರಿಂದ ಮೂಲ ಪಟವನ್ನು ಭೂತಗನ್ನಡಿಯಲ್ಲಿ ನೋಡಿ ಎಂಟು–ಹತ್ತು ಗುರುತುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ.

ನಮ್ಮ ಪಟದಲ್ಲಿ ಹೀಗೆ ಬರೆಯಬಹುದು: ಅಜ್ಜಿಯ ಮೂಗುತಿ ಮತ್ತು ಹಣೆಯ ಕುಂಕುಮ. ನಡುವೆ ನಿಂತ ಅಜ್ಜನ ಕೆನ್ನೆಯ ಸಿಡುಬಿನ ಕಲೆಗಳು. ದೊಡ್ಡಮ್ಮನ ಕರಿಮಣಿ: ಮಣಿ ಮಣಿಯಾಗಿ ಕಾಣುತ್ತದೆಯೇ, ಬರೀ ಗೆರೆಯಾಗಿಯೇ? ಮದುಮಗನ ಪಂಚೆಯ ಮಡಿಕೆಗಳು. ಮುಂದಿನ ಸಾಲಿನ ಮಗುವಿನ ಅಲುಗಿದ ಕೈ. ಕ್ಯಾಲೆಂಡರಿನ ಕನ್ನಡ ಅಕ್ಷರಗಳು. ಕೆಂಪುಕಲ್ಲಿನ ತೂತುಗಳು. ನೆರಳಿನಲ್ಲಿ ನಿಂತವರ ಕಣ್ಣುಗಳು. ಮುಚ್ಚಿದ ತುಟಿಗಳು.

ಈ ಪಟ್ಟಿಯಲ್ಲಿರುವುದೆಲ್ಲ ರಿಪೇರಿಯಲ್ಲಿ ಹೆಚ್ಚಾಗಿ ಕಳೆದುಹೋಗುವಂಥವೇ. ಕಾಲು ಮಿಲಿಮೀಟರಿನ ಮೂಗುತಿಗೂ ಕಾಲು ಮಿಲಿಮೀಟರಿನ ಬೂಷ್ಟಿನ ಚುಕ್ಕೆಗೂ ಸಾಫ್ಟ್‌ವೇರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ 6 ಪಿಕ್ಸೆಲ್. ಕಪ್ಪುಬಿಳುಪಿನಲ್ಲಿ ಕುಂಕುಮವೂ ಒಂದು ಕಪ್ಪು ಕಲೆಯೇ. ಸಿಡುಬಿನ ಗುಳಿಗಳಂತೂ ಹಾಳಾದ ಕಾಗದದ ಹಾಗೆಯೇ ಕಾಣುತ್ತವೆ. ಅವನ್ನು ಅಳಿಸಿದ ಮುಖ ನುಣ್ಣಗೆ ಚೆಂದ ಕಾಣಬಹುದು, ಆದರೆ ಅಜ್ಜನನ್ನು ಬಲ್ಲವರಿಗೆ ಅದು ಅಜ್ಜನಲ್ಲ.

ಒಂದು ಚುಕ್ಕೆ ಆಭರಣವೋ ಬೂಷ್ಟೋ ಎಂದು ನಿಮಗೇ ಅನುಮಾನ ಬಂದರೆ, ಕೋಣೆ ಕತ್ತಲು ಮಾಡಿ ಟಾರ್ಚಿನ ಬೆಳಕನ್ನು ಪಟದ ಬದಿಯಿಂದ ಓರೆಯಾಗಿ ಬಿಡಿ. ಬೂಷ್ಟು, ಗೀರು, ಸಿಪ್ಪೆ ಎದ್ದ ಜಾಗ ಮೇಲ್ಮೈಯಲ್ಲಿ ಉಬ್ಬಿಯೋ ತಗ್ಗಿಯೋ ಕಾಣುತ್ತದೆ. ಮೂಗುತಿ ಬಿಂಬದ ಒಳಗಿನದು, ಅಲ್ಲಿ ಮೇಲ್ಮೈ ಸಮವಾಗಿರುತ್ತದೆ.

3. ಎಲ್ಲವನ್ನೂ ಒಂದೇ ಗಾತ್ರಕ್ಕೆ ತಂದು ಒಂದರ ಮೇಲೊಂದು ಇಡಿ

GIMPನಲ್ಲಿ ಮೊದಲು ಸ್ಕ್ಯಾನನ್ನು ತೆರೆಯಿರಿ. ಆಮೇಲೆ File > Open as Layers ಮೂಲಕ ಕ, ಖ, ಗ ಮೂರನ್ನೂ ಅದರ ಮೇಲೆ ತನ್ನಿ. ಲೇಯರ್ ಎಂದರೆ ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಕೂರುವ ಪದರ. ಆ್ಯಪುಗಳು ಪಟವನ್ನು ಎರಡು ಪಟ್ಟೋ ನಾಲ್ಕು ಪಟ್ಟೋ ಹಿಗ್ಗಿಸಿ ಕೊಡುತ್ತವೆ, ಕೆಲವೊಮ್ಮೆ ಅಂಚನ್ನೂ ಕತ್ತರಿಸುತ್ತವೆ. ಅಂಥದ್ದನ್ನು Layer > Scale Layer ಮೂಲಕ ಸ್ಕ್ಯಾನಿನ ಗಾತ್ರಕ್ಕೆ, ಅಂದರೆ 3600 × 2400ಕ್ಕೆ ಇಳಿಸಿ. ಅಂಚು ಕತ್ತರಿಸಿದ್ದರೆ ಅದೇ ಪ್ರಮಾಣದಲ್ಲಿ ಇನ್ನೂ ಕಡಿಮೆಗೆ ಇಳಿಸಬೇಕು, ಎಳೆದು ಹಿಗ್ಗಿಸಬಾರದು.

ಸ್ಕ್ಯಾನನ್ನು ಆವೃತ್ತಿಯ ಗಾತ್ರಕ್ಕೆ ಏರಿಸಬೇಡಿ. ಇಳಿಸುವುದರಲ್ಲಿ ಒಂದು ನ್ಯಾಯವಿದೆ: ರಿಪೇರಿ ಪ್ರಾಮಾಣಿಕವಾಗಿದ್ದರೆ, ಹಳೆಯ ಗಾತ್ರಕ್ಕೆ ಇಳಿಸಿದಾಗ ಅದು ಹಾನಿಯಿಲ್ಲದ ಜಾಗಗಳಲ್ಲಿ ಹಳೆಯ ಪಟದಂತೆಯೇ ಕಾಣಬೇಕು.

ನಾಲ್ಕೂ ಪದರಗಳ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಬಳಿಕ Colors > Levels ನಲ್ಲಿ ಕಪ್ಪು, ಬಿಳಿ ಮಟ್ಟಗಳನ್ನು ಹತ್ತಿರ ಹತ್ತಿರ ತನ್ನಿ. ಇದನ್ನು ಬಿಟ್ಟರೆ ಕಾಂಟ್ರಾಸ್ಟ್ ಹೆಚ್ಚಿದ ಆವೃತ್ತಿಯೇ ‘ಸ್ಪಷ್ಟ’ ಎಂದು ಕಣ್ಣು ಮೋಸಹೋಗುತ್ತದೆ. ಆ್ಯಪುಗಳು ಗೆಲ್ಲುವುದು ಹೆಚ್ಚಾಗಿ ಇದರಿಂದಲೇ.

4. ಏನು ಬದಲಾಗಿದೆ ಎಂದು ಕಂಪ್ಯೂಟರಿಗೇ ಕೇಳಿ

ಒಂದು ಆವೃತ್ತಿ ಮತ್ತು ಸ್ಕ್ಯಾನ್ ಎರಡನ್ನು ಮಾತ್ರ ಕಾಣುವಂತೆ ಇಟ್ಟು, ಮೇಲಿನ ಪದರದ Mode ಅನ್ನು Difference ಮಾಡಿ. ಎರಡೂ ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ, ಬದಲಾದ ಜಾಗ ಬೆಳಗುತ್ತದೆ.

ಎಲ್ಲ ಅಂಚುಗಳ ಒಂದೇ ಪಕ್ಕದಲ್ಲಿ ದಪ್ಪ ಗೆರೆ ಕಂಡರೆ ಪದರ ಜರುಗಿದೆ ಎಂದರ್ಥ. Move ಉಪಕರಣ ಹಿಡಿದು ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸಿ, ಗೆರೆ ತೀರಾ ಕಡಿಮೆಯಾಗುವಲ್ಲಿ ನಿಲ್ಲಿಸಿ. ಆಮೇಲೂ ಎಲ್ಲೆಡೆ ತೆಳು ಗೆರೆ ಉಳಿಯುತ್ತದೆ. ಅದು ಅಂಚು ಚೂಪು ಮಾಡಿದ್ದರಿಂದ ಬಂದದ್ದು, ದೊಡ್ಡ ದೋಷವಲ್ಲ.

ಈಗ ಎರಡೂ ಪದರಗಳ ನಕಲು ಮಾಡಿ, ಎರಡಕ್ಕೂ Gaussian Blur 3 ಪಿಕ್ಸೆಲ್ ಕೊಟ್ಟು ಮತ್ತೆ Difference ನೋಡಿ. ಮಸುಕು ಮಾಡಿದಾಗ ಚೂಪು ಮಾಡಿದ್ದರ ವ್ಯತ್ಯಾಸ ಹೆಚ್ಚುಕಡಿಮೆ ಅಳಿಯುತ್ತದೆ, ಆಕಾರ ಬದಲಾದದ್ದು ಮಾತ್ರ ಉಳಿಯುತ್ತದೆ. ನಮ್ಮ ಪಟದಲ್ಲಿ ‘ಕ’ ಆವೃತ್ತಿಯಲ್ಲಿ ಗೀರುಗಳು, ಬೂಷ್ಟಿನ ಚುಕ್ಕೆಗಳು, ಆ ಹಳದಿ ಕಲೆ ಮಾತ್ರ ಬೆಳಗಬೇಕು. ‘ಖ’ದಲ್ಲಿ 14 ಮುಖಗಳೂ ಮೊಟ್ಟೆಯಾಕಾರದಲ್ಲಿ ಬೆಳಗಿದರೆ, ಹಾನಿಯೇ ಇಲ್ಲದ ಮುಖಗಳನ್ನೂ ಅದು ಹೊಸದಾಗಿ ಬರೆದಿದೆ.

ಎಚ್ಚರಿಕೆ: ಎರಡು ಚಿತ್ರಗಳ ಸಾಮ್ಯವನ್ನು ಅಂಕಿಯಲ್ಲಿ ಹೇಳುವ PSNR, SSIM ಮುಂತಾದ ಲೆಕ್ಕಗಳನ್ನು ಇಲ್ಲಿ ನಂಬಬೇಡಿ. ಹಾನಿಯಿಲ್ಲದ ಮೂಲ ನಮ್ಮ ಬಳಿ ಇಲ್ಲ. ಬೂಷ್ಟನ್ನು ಚೆನ್ನಾಗಿ ತೆಗೆದದ್ದೂ ಆ ಲೆಕ್ಕದಲ್ಲಿ ತಪ್ಪೇ ಆಗುತ್ತದೆ, ಏನೂ ಮಾಡದೆ ಬಿಟ್ಟ ಆವೃತ್ತಿಗೆ ಪೂರ್ಣ ಅಂಕ ಸಿಗುತ್ತದೆ.

5. ಒಂದೊಂದೇ ಮುಖವನ್ನು ಮಿಟುಕಿಸಿ ನೋಡಿ

Mode ಅನ್ನು ಮತ್ತೆ Normal ಮಾಡಿ. ಕೀಲಿಮಣೆಯಲ್ಲಿ 2 ಒತ್ತಿದರೆ ಪಟ 200 ಶೇಕಡಾ ಗಾತ್ರಕ್ಕೆ ಬರುತ್ತದೆ. ಒಂದು ಮುಖವನ್ನು ಪರದೆಯ ನಡುವೆ ಇಟ್ಟು, ಮೇಲಿನ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತುತ್ತಾ ಬಿಡುತ್ತಾ ಇರಿ. ಅಕ್ಕಪಕ್ಕ ಇಟ್ಟು ನೋಡಿದಾಗ ಕಾಣದ್ದು ಹೀಗೆ ಅದೇ ಜಾಗದಲ್ಲಿ ಬದಲಾಗುವಾಗ ತಟ್ಟನೆ ಕಾಣುತ್ತದೆ. ಬಾಯಿಯ ಮೂಲೆ, ಕಣ್ಣಿನ ಮೂಲೆ, ದವಡೆಯ ಗೆರೆ ಜಿಗಿಯುತ್ತವೆಯೇ ನೋಡಿ. ಜಿಗಿದರೆ ಅದು ತಿದ್ದಿದ ಮುಖವಲ್ಲ, ಬೇರೆ ಮುಖ.

ಹೀಗಾಗುವುದು ಏಕೆ? GFPGAN, CodeFormer ಬಗೆಯ ಮುಖ ತಿದ್ದುವ ಸಾಫ್ಟ್‌ವೇರುಗಳು ಪ್ರತಿ ಮುಖವನ್ನೂ ಚೌಕವಾಗಿ ಕತ್ತರಿಸಿ 512 × 512 ಪಿಕ್ಸೆಲ್‌ಗೆ ಹಿಗ್ಗಿಸಿ, ತಿದ್ದಿ, ಮತ್ತೆ ಪಟಕ್ಕೆ ಅಂಟಿಸುತ್ತವೆ. ಮುಖವೇ ಆ ಚೌಕವನ್ನು ತುಂಬುತ್ತದೆ ಎಂದು ಒಂದು ಅಂದಾಜು ಲೆಕ್ಕ ಹಾಕಿ. 165 ಪಿಕ್ಸೆಲ್ ಮುಖವಾದರೆ ಹೊಸ ಚಿತ್ರದ ಸುಮಾರು 10 ಪಿಕ್ಸೆಲ್‌ಗಳಿಗೆ ಹಳೆಯದರ ಒಂದೇ ಒಂದು ಆಧಾರ. ವಾಟ್ಸಾಪಿನ 73 ಪಿಕ್ಸೆಲ್ ಮುಖವಾದರೆ 49ಕ್ಕೆ ಒಂದು. ಉಳಿದದ್ದನ್ನು ಕಲಿತ ಮುಖಗಳಿಂದ ತುಂಬಿಸುತ್ತವೆ. ಈ ಎರಡೂ ಕಲಿತದ್ದು FFHQ ಎಂಬ 70,000 ಮುಖಗಳ ಸಂಗ್ರಹದಿಂದ, ಅವು ಇಂಟರ್ನೆಟ್ಟಿನಲ್ಲಿ ಹಾಕಿದ ಈ ಕಾಲದ ಫೋಟೋಗಳು. ಮುಚ್ಚಿದ ತುಟಿಯ ನಡುವೆ ಹಲ್ಲು ಮೂಡುವುದು, ಮೆಳ್ಳೆಗಣ್ಣು ನೇರವಾಗುವುದು, ಬಿಸಿಲಿಗೆ ಕಿರಿದಾದ ಕಣ್ಣು ಅರಳುವುದು ಎಲ್ಲ ಇಂಥ ತುಂಬಿಸುವಿಕೆಯ ಫಲ.

ಕಣ್ಣಿನೊಳಗಿನ ಬೆಳಕಿನ ಚುಕ್ಕೆಯನ್ನು ಬೇರೆಯಾಗಿ ನೋಡಿ. ಅಂಗಳದ ಬಿಸಿಲಲ್ಲಿ, ನೆತ್ತಿಯ ಮೇಲೆ ಸೂರ್ಯನಿದ್ದಾಗ ತೆಗೆದ ಪಟದಲ್ಲಿ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದಿರುತ್ತದೆ. ಅಂಥ ಕಣ್ಣಿನಲ್ಲಿ ಸ್ಟುಡಿಯೋ ದೀಪದಂಥ ದುಂಡು ಹೊಳಪು ಬಂದಿದ್ದರೆ ಅದನ್ನು ಇಟ್ಟದ್ದು ಸಾಫ್ಟ್‌ವೇರ್. ಎಡಬಲದವರ ಕಣ್ಣುಗಳಲ್ಲಿ ಹೊಳಪು ಬೇರೆ ಬೇರೆ ದಿಕ್ಕಿಗಿದ್ದರಂತೂ ಅನುಮಾನವೇ ಬೇಡ.

ಮುಖದ ಸುತ್ತಲಿನ ಸೇರುಗೆರೆಯನ್ನೂ ನೋಡಿ. ಕಿವಿಯ ಬೆಂಡೋಲೆ ಅರ್ಧ ಚೂಪು, ಅರ್ಧ ಮಸುಕು ಇದ್ದರೆ, ಅಥವಾ ಹಣೆಯ ಕೂದಲು ಎಳೆ ಎಳೆಯಾಗಿ ಬಂದು ಮುಡಿಯ ಮಲ್ಲಿಗೆ ಮಾತ್ರ ಬಿಳಿ ಮುದ್ದೆಯಾಗಿದ್ದರೆ, ಅಂಟಿಸಿದ ಚೌಕ ಅಲ್ಲಿಗೆ ಮುಗಿದಿದೆ.

ಆಮೇಲೆ ಪಟ್ಟಿಯ ಉಳಿದ ಗುರುತುಗಳು. ಮಗುವಿನ ಅಲುಗಿದ ಕೈ ಮಸುಕಾಗಿಯೇ ಇರಬೇಕು, ಅಲ್ಲಿ ಆರು ಬೆರಳು ಸ್ಪಷ್ಟವಾಗಿ ಬಂದರೆ ಏನು ಹೇಳೋಣ! ಕ್ಯಾಲೆಂಡರಿನ ಕನ್ನಡ ಒಳ್ಳೆಯ ಪರೀಕ್ಷೆ: ಒತ್ತಕ್ಷರ, ಕೊಂಬುಗಳನ್ನು ಬಹಳ ಸಾಧನಗಳು ಅರ್ಥವಿಲ್ಲದ ಸುರುಳಿ ಮಾಡಿಬಿಡುತ್ತವೆ. ಕ್ಯಾಲೆಂಡರಿನ ಅಕ್ಷರವನ್ನೇ ಹೀಗೆ ಬರೆದ ಸಾಧನ ಮುಖವನ್ನು ಹೇಗೆ ಬರೆದಿದ್ದೀತು ಎಂಬ ಸಂಶಯ ಸಹಜ.

6. ಸಹಜವಾಗಿದೆಯೇ ಎಂಬುದನ್ನು ಕಾಗದದ ಮೇಲೆ ನೋಡಿ

ಪರದೆಯಲ್ಲಿ 200 ಶೇಕಡಾದಲ್ಲಿ ನೋಡಿದಾಗ ವಿವರ ತಿಳಿಯುತ್ತದೆ, ಸಹಜತೆ ತಿಳಿಯುವುದಿಲ್ಲ. ಮೂರನ್ನೂ 6 × 4 ಇಂಚಿನಲ್ಲಿ, ಒಂದೇ ಸ್ಟುಡಿಯೋದಲ್ಲಿ, ಒಂದೇ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಯಂತ್ರದವರಿಗೆ ಅವರ ಕಡೆಯಿಂದ ತಿದ್ದುಪಡಿ ಬೇಡ ಎಂದು ಹೇಳಿ. ಹಗಲು ಬೆಳಕಿನಲ್ಲಿ, ಒಂದು ಮೊಳ ದೂರದಿಂದ ನೋಡಿ.

ಹಳೆಯ ಪಟದಲ್ಲಿ ಮರಳು ಚೆಲ್ಲಿದಂತೆ ಸಣ್ಣ ಕಾಳು ಇರುತ್ತದೆ, ಗ್ರೇನ್ ಎನ್ನುತ್ತಾರೆ. ಅದು ಮುಖ, ಸೀರೆ, ಗೋಡೆ ಎಲ್ಲದರ ಮೇಲೂ ಹರಡಿರಬೇಕು. ಗೋಡೆ ತರಿತರಿ, ಮುಖ ಮಾತ್ರ ಮೇಣದಂತೆ ನುಣುಪು ಆಗಿದ್ದರೆ ಕಣ್ಣು ಕಾರಣ ತಿಳಿಯದೆಯೂ ‘ಏನೋ ಸರಿಯಿಲ್ಲ’ ಎನ್ನುತ್ತದೆ. ಬಿಳಿ ಪಂಚೆಯನ್ನೂ ನೋಡಿ. GIMPನಲ್ಲಿ Color Picker ಇಟ್ಟು ಮಡಿಕೆಗಳ ಮೇಲೆ ಅಲ್ಲಲ್ಲಿ ಒತ್ತಿ. ಎಲ್ಲೆಡೆ 255, ಅಂದರೆ ಪೂರ್ತಿ ಬಿಳಿ ಬಂದರೆ ಆ ಮಡಿಕೆಗಳು ಹೋಗಿವೆ, ಪ್ರಿಂಟಿನಲ್ಲಿ ಬರೀ ಕಾಗದ ಕಾಣುತ್ತದೆ.

ಇಲ್ಲಿ ಒಂದು ಇಕ್ಕಟ್ಟು ಇದೆ. ನಿಷ್ಠೆ ಮತ್ತು ಅಂದ ಒಂದು ಹಂತದ ಮೇಲೆ ಒಟ್ಟಿಗೆ ಹೋಗುವುದಿಲ್ಲ, ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಯೋಚಾಯ್ ಬ್ಲಾವ್ ಮತ್ತು ತೋಮರ್ ಮಿಖಾಯೆಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನು ಗಣಿತದಲ್ಲೇ ತೋರಿಸಿದ್ದಾರೆ. CodeFormerನಲ್ಲಿ ಈ ಎಳೆದಾಟಕ್ಕೆ ಒಂದು ತಿರುಪೇ ಇದೆ: w ಎಂಬ ಅಂಕ 0ಗೆ ಹತ್ತಿರವಾದಷ್ಟೂ ಮುಖ ಚೊಕ್ಕ, 1ಕ್ಕೆ ಹತ್ತಿರವಾದಷ್ಟೂ ಮೂಲಕ್ಕೆ ನಿಷ್ಠೆ. ‘ಗ’ ಆವೃತ್ತಿ ಮಾಡಿದವರಲ್ಲಿ w ಎಷ್ಟು ಇಟ್ಟಿರಿ ಎಂದು ಕೇಳಿ. ಮನೆಪಟಕ್ಕೆ 0.7ರಿಂದ 0.9ರ ನಡುವೆ ಎರಡು ಮೂರು ಮಾಡಿಸಿ ನೋಡುವುದು ಒಳ್ಳೆಯದು. 0.3ರ ಮುಖಗಳು ಮದುವೆ ಕಾಗದಕ್ಕೆ ಚೆನ್ನ.

7. ಹಿರಿಯರಿಗೆ ತೋರಿಸುವ ಕ್ರಮ

‘ಹೇಗಿದೆ ಅಜ್ಜಿ, ಚೆಂದ ಬಂದಿದೆಯಾ?’ ಎಂದು ಕೇಳಬೇಡಿ. ಮೊಮ್ಮಗ ಇಷ್ಟು ಕಷ್ಟಪಟ್ಟಿದ್ದಾನೆಂದು ಎಲ್ಲರೂ ಚೆಂದ ಎಂದೇ ಹೇಳುತ್ತಾರೆ. ಒಂದೊಂದೇ ಮುಖವನ್ನು ಕತ್ತರಿಸಿ, ಅಂಗೈಯಗಲ ಪ್ರಿಂಟ್ ಹಾಕಿ, ಹಿಂದೆ ಅಕ್ಷರ ಮಾತ್ರ ಬರೆದು, ಕಲಸಿ ಕೊಡಿ. ಕೇಳಬೇಕಾದ್ದು ‘ಇದು ಯಾರು?’ ಎಂದು ಮಾತ್ರ. ಒಬ್ಬರು ಹೇಳುವಾಗ ಇನ್ನೊಬ್ಬರು ಪಕ್ಕದಲ್ಲಿರಬಾರದು. ಅದೇ ಮುಖವನ್ನು ‘ಕ’ದಲ್ಲಿ ತಡೆಯದೆ ಗುರುತಿಸಿದವರು ‘ಖ’ದಲ್ಲಿ ತಡವರಿಸಿದರೆ, ಅಥವಾ ಅಕ್ಕನ ಹೆಸರಿನ ಬದಲು ತಂಗಿಯ ಹೆಸರು ಹೇಳಿದರೆ, ಆ ಮುಖವನ್ನು ‘ಖ’ದಿಂದ ತೆಗೆದುಕೊಳ್ಳಬೇಡಿ. ಆ ವಯಸ್ಸಿನಲ್ಲಿ ಅವರನ್ನು ಕಣ್ಣಾರೆ ಕಂಡವರ ಮಾತಿಗೆ ಮಾತ್ರ ತೂಕ ಕೊಡಿ. ಪಟದಲ್ಲೇ ನೋಡಿ ಗೊತ್ತಿರುವವರದ್ದು ಲೆಕ್ಕಕ್ಕಿಲ್ಲ.

8. ಒಂದನ್ನೇ ಆರಿಸಬೇಕೆಂದಿಲ್ಲ

ಅಂಕ ಹಾಕಿ ಕೂಡಿಸಬೇಡಿ. ಗೋಡೆಗೆ ಹತ್ತು, ಸೀರೆಗೆ ಒಂಬತ್ತು ಬಂದ ಮಾತ್ರಕ್ಕೆ ಬದಲಾದ ಮುಖ ಸರಿಹೋಗದು. ಗುರುತು ಕೆಟ್ಟ ಮುಖ ಎಂದರೆ ಆ ಮುಖದ ಮಟ್ಟಿಗೆ ಆ ಆವೃತ್ತಿ ಬೇಡ, ಅಷ್ಟೇ.

ಪದರಗಳು ಈಗಾಗಲೇ ಒಂದರ ಮೇಲೊಂದು ಕೂತಿವೆ. ನಮ್ಮ ಪಟದಲ್ಲಿ ‘ಕ’ವನ್ನು ಅಡಿಪಾಯವಾಗಿ ಇಡಿ, ಗೋಡೆ, ಬಟ್ಟೆ, ಕ್ಯಾಲೆಂಡರ್ ಎಲ್ಲ ಅದರಿಂದ. ಅದರ ಮೇಲೆ ‘ಗ’ವನ್ನಿಟ್ಟು Layer > Mask > Add Layer Mask ಮೂಲಕ ಕಪ್ಪು ಮಾಸ್ಕ್ ಹಾಕಿ. ಮಾಸ್ಕ್ ಎಂದರೆ ಮುಚ್ಚುಗೆ, ಬಿಳಿ ಬಳಿದಲ್ಲಿ ಮಾತ್ರ ಪದರ ಕಾಣುತ್ತದೆ. ಪರೀಕ್ಷೆ ದಾಟಿದ ಮುಖಗಳ ಮೇಲೆ ಮೆದು ಅಂಚಿನ ಬ್ರಶ್ಶಿನಿಂದ ಬಿಳಿ ಬಳಿಯಿರಿ. ಆಮೇಲೆ ‘ಗ’ದ Opacity ಅನ್ನು 40–60ಕ್ಕೆ ಇಳಿಸಿದರೆ ಅಡಿಯ ಗ್ರೇನ್ ಮುಖದ ಮೇಲೂ ಕಾಣಿಸಿಕೊಂಡು ಅಂಟಿಸಿದ ನೋಟ ಹೋಗುತ್ತದೆ. ಅಜ್ಜಿಯ ಮೂಗುತಿ, ಅಜ್ಜನ ಕೆನ್ನೆ ಇರುವಲ್ಲಿ ಮಾಸ್ಕಿನ ಮೇಲೆ ಮತ್ತೆ ಕಪ್ಪು ಬಳಿಯಿರಿ.

ಎಡದಿಂದ ಎರಡನೆಯ ಹೆಂಗಸಿನ ಕೆನ್ನೆಗೆ ಮೊದಲು ಬಣ್ಣ ತೆಗೆಯದ ಮೂಲ ಸ್ಕ್ಯಾನಿನ ಕೆಂಪು ಚಾನೆಲನ್ನು ತಂದು ನೋಡಿ. ಅಲ್ಲಿ ನಿಜವಾದ ಕೆನ್ನೆ ಮಸುಕಾಗಿಯಾದರೂ ಸಿಕ್ಕರೆ ಮೂರೂ ಆವೃತ್ತಿಗಳ ಊಹೆಗಿಂತ ಅದೇ ಮೇಲು.

600 ಡಿಪಿಐ ಸ್ಕ್ಯಾನಿನ 3600 × 2400 ಪಿಕ್ಸೆಲ್, 300 ಡಿಪಿಐಯಲ್ಲಿ 12 × 8 ಇಂಚಿನ ಪ್ರಿಂಟಿಗೆ ಸರಿಯಾಗಿ ಸಾಕು. ಅದಕ್ಕಿಂತ ದೊಡ್ಡದು ಬೇಕೆಂದು ಹಿಗ್ಗಿಸಿದರೆ ಇಷ್ಟು ಹೊತ್ತು ತೆಗೆದುಹಾಕಿದ ಊಹೆ ಮತ್ತೆ ಒಳಗೆ ಬರುತ್ತದೆ.

ಮುಗಿದ ಫೈಲನ್ನು ಸ್ಕ್ಯಾನಿನ ಮೇಲೆ ಉಳಿಸಬೇಡಿ, ಬೇರೆ ಹೆಸರಿಡಿ. ಪ್ರಿಂಟಿನ ಹಿಂದೆ ಮೆದು ಪೆನ್ಸಿಲಿನಲ್ಲಿ ಮೂಲ ಪಟದ ವರ್ಷ, ಎಡದಿಂದ ಬಲಕ್ಕೆ ಹೆಸರುಗಳು, ಮತ್ತು ಯಾವ ಭಾಗ ಊಹೆಯದ್ದು ಎಂದು ಬರೆಯಿರಿ: ‘2ನೆಯವರ ಬಲಗೆನ್ನೆ ತಿದ್ದಿದ್ದು, ಮೂಲದಲ್ಲಿ ಕಲೆ’. ಮೂಲ ಪಟವನ್ನು ಹೊಸ ಪ್ರಿಂಟಿನ ಜತೆ ಅದೇ ಫ್ರೇಮಿನಲ್ಲಿ ಇಡಬೇಡಿ, ಗಾಜಿಗೆ ಮತ್ತೆ ಅಂಟುತ್ತದೆ.